ಸಬ್‌ಟೈಟಲ್ ಮಾತಿಗಿಂತ ಮುಂದೆ ಮುಂದೆ ಓಡ್ತಿದ್ರೆ ಎಂಕೆವಿ ಒಳಗೆ ಸೇರಿಸುವಾಗಲೇ ಸರಿಮಾಡೋದು ಹೇಗೆ

ಪ್ರಶ್ನೆ: ನನ್ನ ಹತ್ರ ಎರಡು ಗಂಟೆ ಚಿಲ್ಲರೆ ಉದ್ದದ ಒಂದು ಎಂಕೆವಿ ಫೈಲ್ ಇದೆ. ಅದಕ್ಕೆ ಇಂಗ್ಲಿಷ್ ಎಸ್‌ಆರ್‌ಟಿ, ಚಾಪ್ಟರ್ ಫೈಲ್ ಎರಡೂ ಡೌನ್‌ಲೋಡ್ ಮಾಡ್ಕೊಂಡೆ. ಶುರುನಲ್ಲಿ ಸಬ್‌ಟೈಟಲ್ ಏಳು ಸೆಕೆಂಡ್ ಮುಂಚೆ ಬರುತ್ತೆ, ಪ್ಲೇಯರಲ್ಲಿ ಡಿಲೇ ಕೊಟ್ರೆ ಸರಿಹೋಗುತ್ತೆ, ಆಮೇಲೆ ಮತ್ತೆ ತಪ್ಪುತ್ತೆ, ಕೊನೇಲಿ ಹತ್ತಿರ ಹತ್ತಿರ ಐದು ನಿಮಿಷ ವ್ಯತ್ಯಾಸ. ಚಾಪ್ಟರ್ ಒತ್ತಿದ್ರೂ ತಪ್ಪು ಜಾಗಕ್ಕೆ ಹೋಗುತ್ತೆ. ಎರಡನ್ನೂ ಸರಿಮಾಡಿ ಫೈಲ್ ಒಳಗೇ ಸೇರಿಸಬಹುದಾ? ವಿಡಿಯೋ ಕ್ವಾಲಿಟಿ ಕಮ್ಮಿ ಆಗಬಾರದು.

ಉತ್ತರ: ಕ್ವಾಲಿಟಿ ವಿಷಯಕ್ಕೆ ತಲೆ ಕೆಡಿಸ್ಕೋಬೇಡಿ. ಎಂಕೆವಿ ಅನ್ನೋದು ಬರೀ ಡಬ್ಬಿ ಇದ್ದಂಗೆ, ನಾವು ಡಬ್ಬಿ ತೆಗೆದು ಇನ್ನೊಂದು ಪಟ್ಟಿ ಒಳಗಿಟ್ಟು ಮತ್ತೆ ಮುಚ್ತೀವಿ ಅಷ್ಟೇ, ವಿಡಿಯೋ ಆಡಿಯೋ ಎನ್‌ಕೋಡ್ ಆಗಲ್ಲ. ಡಿಸ್ಕ್ ಎಷ್ಟು ಬೇಗ ಕಾಪಿ ಮಾಡುತ್ತೋ ಅಷ್ಟರಲ್ಲಿ ಕೆಲಸ ಮುಗಿಯುತ್ತೆ, ಆದ್ರೆ ಹೊಸ ಫೈಲ್ ಬೇರೇನೇ ಬರೆಯೋದ್ರಿಂದ ಮೂಲ ಫೈಲ್ ಎಷ್ಟಿದೆಯೋ ಅಷ್ಟು ಖಾಲಿ ಜಾಗ ಬೇಕು.

ನಿಮ್ಮ ತೊಂದರೆಗೆ ಡಿಲೇ ಮದ್ದಲ್ಲ. ಡಿಲೇ ಅಂದ್ರೆ ಎಲ್ಲಾ ಸಾಲನ್ನೂ ಒಂದೇ ಅಳತೆ ಮುಂದೆನೋ ಹಿಂದೆನೋ ತಳ್ಳೋದು, ನಿಮ್ಮಲ್ಲಿ ವ್ಯತ್ಯಾಸವೇ ಬೆಳೀತಾ ಹೋಗ್ತಿದೆ. ಹಂಗಂದ್ರೆ ಸಬ್‌ಟೈಟಲ್ ಬೇರೆ ಸ್ಪೀಡಿನ ಕಾಪಿಗೆ ಮಾಡಿದ್ದು. ಸಿನಿಮಾ ತೆಗೆಯೋದು ಸೆಕೆಂಡಿಗೆ 24 ಫ್ರೇಮಿನಲ್ಲಿ, ಪಾಲ್ ಪದ್ಧತಿ ಇದ್ದ ಕಡೆಗಳಲ್ಲಿ ಟಿವಿಗೆ, ಡಿವಿಡಿಗೆ ಹಾಕುವಾಗ ಅದನ್ನ 25ಕ್ಕೆ ಓಡಿಸಿಬಿಡ್ತಿದ್ರು, ಸುಮಾರು ಶೇಕಡಾ 4 ಜಾಸ್ತಿ ವೇಗ. ನೋಡೋರಿಗೆ ಗೊತ್ತಾಗ್ತಿರಲಿಲ್ಲ, ಆದ್ರೆ ಎರಡು ಗಂಟೆ ಸಿನಿಮಾ ಒಂದು ಗಂಟೆ ಐವತ್ತೈದು ನಿಮಿಷಕ್ಕೇ ಮುಗೀತಿತ್ತು. ಆ ಕಾಪಿ ನೋಡ್ಕೊಂಡು ಬರೆದ ಎಸ್‌ಆರ್‌ಟಿನ 23.976, ಅಂದ್ರೆ ಹೆಚ್ಚುಕಮ್ಮಿ 24 ಫ್ರೇಮಿನ ಫೈಲಿಗೆ ಹಾಕಿದ್ರೆ ಗಂಟೆಗೆ ಎರಡೂವರೆ ನಿಮಿಷದಂತೆ ಮುಂದೆ ಓಡುತ್ತೆ. ಎರಡು ಗಂಟೆಗೆ ಐದು ನಿಮಿಷ ಅಂದ ತಕ್ಷಣ ನನಗೆ ಅನುಮಾನ ಬಂದಿದ್ದು ಇದಕ್ಕೇ. ಅದೇ ಎರಡು ಗಂಟೆಗೆ ಏಳು ಸೆಕೆಂಡ್ ಮಾತ್ರ ಅಂದಿದ್ರೆ 24 ಮತ್ತು 23.976 ನಡುವಿನ ಜಗಳ ಅಂತಿದ್ದೆ.

ಅನುಮಾನ ಸಾಕಾಗಲ್ಲ, ಅಳೀಬೇಕು. ಎಸ್‌ಆರ್‌ಟಿ ಫೈಲನ್ನ ನೋಟ್‌ಪ್ಯಾಡಲ್ಲಿ ತೆಗೀರಿ, ಶುರುನಲ್ಲಿ ಒಂದು, ಕೊನೇಲಿ ಒಂದು ಡೈಲಾಗ್ ಆರಿಸ್ಕೊಳ್ಳಿ, ಹೆಸರು ಕೂಗೋದೋ ಬೈಯೋದೋ ಹೀಗೆ ಕಿವಿಗೆ ಥಟ್ ಅಂತ ಸಿಗೋ ಮಾತಾದ್ರೆ ಒಳ್ಳೇದು. ಅದು ಫೈಲಲ್ಲಿ ಯಾವ ಟೈಮಿಗಿದೆ, ವಿಡಿಯೋದಲ್ಲಿ ಬಾಯಿಂದ ಯಾವಾಗ ಬರುತ್ತೆ ಅಂತ ಬರ್ಕೊಳ್ಳಿ. ನೀವು ಹೇಳಿದ ಲೆಕ್ಕಕ್ಕೆ ಹೊಂದೋ ಹಾಗೆ ಒಂದು ಉದಾಹರಣೆ ಮಾಡ್ತೀನಿ, ನಿಮ್ಮ ಅಂಕಿ ಹಾಕ್ಕೊಳ್ಳಿ. ಮೊದಲನೇ ಮಾತು ಎಸ್‌ಆರ್‌ಟಿಯಲ್ಲಿ 00:02:02.7, ಅಂದ್ರೆ 122.7 ಸೆಕೆಂಡ್, ಕೇಳಿಸೋದು 00:02:10ಕ್ಕೆ, ಅಂದ್ರೆ 130. ಕೊನೇ ಮಾತು ಎಸ್‌ಆರ್‌ಟಿಯಲ್ಲಿ 01:54:20, ಅದು 6860 ಸೆಕೆಂಡ್, ಕೇಳಿಸೋದು 01:59:15ಕ್ಕೆ, ಅದು 7155.

ಎರಡು ಮಾತಿನ ನಡುವೆ ವಿಡಿಯೋದಲ್ಲಿ 7025 ಸೆಕೆಂಡ್ ಅಂತರ, ಎಸ್‌ಆರ್‌ಟಿಯಲ್ಲಿ 6737.3. ಮೊದಲನೆಯದನ್ನ ಎರಡನೆಯದರಿಂದ ಭಾಗಿಸಿದ್ರೆ 1.0427. 25ನ್ನ 23.976ರಿಂದ ಭಾಗಿಸಿ ನೋಡಿ, ಅದೂ 1.0427. ಕಳ್ಳ ಸಿಕ್ಕಿಬಿದ್ದ! ಈಗ 122.7ನ್ನ ಇದರಿಂದ ಗುಣಿಸಿದ್ರೆ 127.94 ಬರುತ್ತೆ, ಆದ್ರೆ ಬೇಕಾಗಿರೋದು 130, ಮಿಕ್ಕ 2.06 ಸೆಕೆಂಡೇ ನಿಜವಾದ ಡಿಲೇ. ಅಂದ್ರೆ ಶುರುನಲ್ಲಿ ನಿಮಗೆ ಕಾಣ್ತಿದ್ದ ಏಳು ಸೆಕೆಂಡಲ್ಲಿ ಐದು ಸೆಕೆಂಡ್ ಸ್ಪೀಡಿನದು, ಎರಡು ಸೆಕೆಂಡ್ ಮಾತ್ರ ಡಿಲೇದು. ಏಳನ್ನೇ ಡಿಲೇಗೆ ಹಾಕಿ ಆಮೇಲೆ ಸ್ಪೀಡೂ ಬದಲಾಯಿಸಿದ್ರೆ ಕೊನೇವರೆಗೂ ಐದು ಸೆಕೆಂಡ್ ಲೇಟ್ ಆಗಿ ಬರುತ್ತೆ, ಇದರಲ್ಲೇ ಬಹಳ ಜನ ಎಡವೋದು.

ಸೇರಿಸೋ ಮುಂಚೆ ಮಧ್ಯದಲ್ಲೂ ಒಂದು ಮಾತು ಪರೀಕ್ಷೆ ಮಾಡಿ. ನಮ್ಮ ಲೆಕ್ಕದಲ್ಲಿ ಎಸ್‌ಆರ್‌ಟಿಯ 58:20 ವಿಡಿಯೋದ 1:00:51.5ಕ್ಕೆ ಬೀಳಬೇಕು. ಅಲ್ಲೂ ಕೂತ್ರೆ ಸರಿ. ಮಧ್ಯದಲ್ಲಿ ಇದ್ದಕ್ಕಿದ್ದಂಗೆ ಮೂವತ್ತೋ ನಲವತ್ತೋ ಸೆಕೆಂಡ್ ತಪ್ಪಿದ್ರೆ ಅದು ಸ್ಪೀಡಿನ ಕಥೆ ಅಲ್ಲ, ಒಂದು ಕಾಪಿಯಲ್ಲಿ ಸೀನ್ ಕತ್ತರಿಸಿದ್ದಾರೆ ಅಂತ ಅರ್ಥ, ಅದಕ್ಕೆ ಈ ಒಂದು ಗುಣಾಕಾರ ಸಾಲಲ್ಲ, ಸಬ್‌ಟೈಟಲ್ ಎಡಿಟರಲ್ಲಿ ತುಂಡು ತುಂಡಾಗಿ ಸರಿಮಾಡಬೇಕು ಇಲ್ಲಾ ಬೇರೆ ಎಸ್‌ಆರ್‌ಟಿ ಹುಡುಕಬೇಕು. ನಾನಾದ್ರೆ ಬೇರೆದೇ ಹುಡುಕ್ತೀನಿ.

ಈಗ ಸೇರಿಸೋದು. MKVToolNix ಹಾಕ್ಕೊಂಡ್ರೆ ಅದರ ಜೊತೆ `mkvmerge` ಬರುತ್ತೆ:

```
mkvmerge -o hosa.mkv cinema.mkv --language 0:eng --sub-charset 0:UTF-8 --sync 0:2060,25/23.976 sub.srt
```

`--sync` ಒಳಗೆ ಮೊದಲ ಸೊನ್ನೆ ಟ್ರ್ಯಾಕ್ ನಂಬರ್, ಎಸ್‌ಆರ್‌ಟಿಯಲ್ಲಿ ಒಂದೇ ಟ್ರ್ಯಾಕ್ ಇರೋದ್ರಿಂದ ಅದು ಯಾವಾಗಲೂ 0. ಆಮೇಲಿನ 2060 ಮಿಲಿಸೆಕೆಂಡಲ್ಲಿ ಡಿಲೇ, ಕಾಮಾ ಆದ್ಮೇಲೆ ಇರೋದು ಗುಣಾಕಾರ. ಭಾಗಾಕಾರನ ನೀವು ಮಾಡೋದು ಬೇಡ, ಹಂಗೇ ಬರೆದ್ರೆ ಅದೇ ಮಾಡ್ಕೊಳ್ಳುತ್ತೆ. ಕಮ್ಯಾಂಡ್ ಬೇಡ ಅನ್ನೋರು ಅದರ ವಿಂಡೋದಲ್ಲಿ ಎರಡೂ ಫೈಲ್ ಎಳೆದು ಹಾಕಿ, ಸಬ್‌ಟೈಟಲ್ ಟ್ರ್ಯಾಕ್ ಆರಿಸಿ, ಡಿಲೇ ಮತ್ತೆ ಸ್ಟ್ರೆಚ್ ಅಂತ ಇರೋ ಎರಡು ಜಾಗದಲ್ಲಿ ಇದೇ ಅಂಕಿ ತುಂಬಬಹುದು.

ಕಮ್ಯಾಂಡಲ್ಲಿ ಯಾವುದು ಮುಂದೆ ಯಾವುದು ಹಿಂದೆ ಅನ್ನೋದು ಬಹಳ ಮುಖ್ಯ. ಇಲ್ಲಿ ಟ್ರ್ಯಾಕಿಗೆ ಸಂಬಂಧಪಟ್ಟ ಆಯ್ಕೆಗಳೆಲ್ಲ ತನ್ನ ಮುಂದೆ ಬರೋ ಫೈಲಿಗೆ ಅಂಟ್ಕೊಳ್ಳುತ್ತವೆ. `--sync` ತಗೊಂಡು `cinema.mkv`ಗಿಂತ ಮೊದಲೇ ಇಟ್ರೆ ಅದು ಸಿನಿಮಾದ ಟ್ರ್ಯಾಕ್ 0ಗೆ ಹೋಗುತ್ತೆ, ಸಾಮಾನ್ಯವಾಗಿ ಅದೇ ವಿಡಿಯೋ, ಆಗ ಚಿತ್ರ ನಿಧಾನ ಆಗುತ್ತೆ, ಆಡಿಯೋ ಹಂಗೇ ಇರುತ್ತೆ. ನಾನೂ ಒಂದ್ಸಲ ಹೀಗೆ ಮಾಡಿ, ತುಟಿ ಒಂದು ಕಡೆ ಮಾತು ಒಂದು ಕಡೆ ಆಗಿ, ಡೌನ್‌ಲೋಡೇ ಕೆಟ್ಟಿದೆ ಅಂತ ಅರ್ಧ ದಿನ ಬೈಕೊಂಡು ಕೂತಿದ್ದೆ. ಮೂಲ ಫೈಲನ್ನ ಕೊನೇವರೆಗೂ ಅಳಿಸಬೇಡಿ ಅನ್ನೋದು ಅದಕ್ಕೇ.

`--sub-charset` ಯಾಕೆ ಅಂದ್ರೆ, ಎಂಕೆವಿ ಒಳಗೆ ಎಸ್‌ಆರ್‌ಟಿ ಕೂರೋದು ಯಾವಾಗಲೂ ಯುಟಿಎಫ್-8ನಲ್ಲಿ. ನಿಮ್ಮ ಫೈಲ್ ಯಾವ ಎನ್‌ಕೋಡಿಂಗಲ್ಲಿದೆ ಅಂತ ಹೇಳದಿದ್ರೆ ಸಿಸ್ಟಮಿನದ್ದೇ ಇರಬಹುದು ಅಂತ ಊಹೆ ಮಾಡ್ಕೊಳ್ಳುತ್ತೆ, ಊಹೆ ತಪ್ಪಿದ್ರೆ ‘ಕ’ ಇರಬೇಕಾದ ಕಡೆ `à²•` ಅಂತ ಕಸ ಕಾಣುತ್ತೆ. ಅಂಥ ಕಸ ಕಂಡ್ರೆ ಫಾಂಟ್ ಹುಡುಕೋಕೆ ಹೋಗಬೇಡಿ, ಎನ್‌ಕೋಡಿಂಗ್ ತಪ್ಪಿದೆ ಅಂತಲೇ ಅರ್ಥ. ಬರೀ ಚೌಕ ಚೌಕ ಕಂಡ್ರೆ ಮಾತ್ರ ಪ್ಲೇಯರಲ್ಲಿ ಆ ಲಿಪಿಯ ಫಾಂಟ್ ಇಲ್ಲ.

ಚಾಪ್ಟರ್ ಫೈಲನ್ನ ನೋಟ್‌ಪ್ಯಾಡಲ್ಲಿ ತೆಗೆದ್ರೆ ಸಾಮಾನ್ಯವಾಗಿ ಹೀಗಿರುತ್ತೆ:

```
CHAPTER01=00:00:00.000
CHAPTER01NAME=ಶುರು
CHAPTER02=00:31:05.000
CHAPTER02NAME=ಊರು ಬಿಟ್ಟಿದ್ದು
```

ಇದನ್ನೂ ಬೇರೆಯಾಗೇ ಅಳೀಬೇಕು, ಸಬ್‌ಟೈಟಲಿಗೆ ಬಂದ 2060ನ್ನ ಕಣ್ಮುಚ್ಚಿ ಇಲ್ಲೂ ಹಾಕಬೇಡಿ, ಯಾಕಂದ್ರೆ ಎರಡು ಫೈಲ್ ಮಾಡಿದೋರು ಬೇರೆ, ಅವರು ನೋಡಿದ ಕಾಪಿನೂ ಬೇರೆ ಇರಬಹುದು. ಸೀನ್ ಥಟ್ ಅಂತ ಬದಲಾಗೋ ಒಂದು ಜಾಗ ತಗೊಳ್ಳಿ. ಮೇಲಿನ ಎರಡನೇ ಚಾಪ್ಟರ್ 31:05, ಅದು 1865 ಸೆಕೆಂಡ್, 1.0427ರಿಂದ ಗುಣಿಸಿದ್ರೆ 32:24.6. ವಿಡಿಯೋದಲ್ಲಿ ಸೀನ್ ಬದಲಾಗೋದೂ ಅಲ್ಲೇ ಆದ್ರೆ ಚಾಪ್ಟರಿಗೆ ಡಿಲೇ ಬೇಡ, ಗುಣಾಕಾರ ಒಂದೇ ಸಾಕು. ಕೊನೇ ಚಾಪ್ಟರನ್ನೂ ಒಮ್ಮೆ ನೋಡ್ಬಿಡಿ.

ಒಂದೊಂದೇ ಟೈಮ್ ಕ್ಯಾಲ್ಕ್ಯುಲೇಟರಲ್ಲಿ ತಿದ್ದೋದು ಬೇಡ. MKVToolNix ಒಳಗೆ ಚಾಪ್ಟರ್ ಎಡಿಟರ್ ಇದೆ, ಈ ಟೆಕ್ಸ್ಟ್ ಫೈಲನ್ನ ಅದರಲ್ಲಿ ತೆಗೆದು Additional modifications ಅನ್ನೋದಕ್ಕೆ ಹೋದ್ರೆ ಎಲ್ಲಾ ಟೈಮನ್ನೂ ಒಟ್ಟಿಗೆ ಗುಣಿಸೋಕೂ, ಒಟ್ಟಿಗೆ ತಳ್ಳೋಕೂ ಬರುತ್ತೆ. ಎರಡೂ ಬೇಕಾದ್ರೆ ಮೊದಲು ಗುಣಿಸಿ, ಆಮೇಲೆ ತಳ್ಳಿ. ಅಲ್ಲಿಂದಲೇ ನೇರವಾಗಿ `hosa.mkv` ಒಳಗೆ ಸೇವ್ ಮಾಡಬಹುದು. ಟೆಕ್ಸ್ಟ್ ಫೈಲನ್ನ ಕೈಯಲ್ಲೇ ತಿದ್ದಿದೋರು ಅದನ್ನ ಸೇವ್ ಮಾಡುವಾಗ ಎನ್‌ಕೋಡಿಂಗಲ್ಲಿ UTF-8 with BOM ಅಂತ ಆರಿಸಿ ಹೀಗೆ ಹಾಕಿ:

```
mkvpropedit hosa.mkv --chapters chapters.txt
```

ಇದು ಹೊಸ ಫೈಲ್ ಬರೆಯಲ್ಲ, ಇರೋ ಫೈಲಲ್ಲೇ ಚಾಪ್ಟರ್ ಭಾಗ ಮಾತ್ರ ಬದಲಾಯಿಸುತ್ತೆ, ಒಂದೆರಡು ಸೆಕೆಂಡಿನ ಕೆಲಸ. ಹಳೇ ಚಾಪ್ಟರ್ ಇದ್ರೆ ಅದು ಹೋಗಿ ಹೊಸದು ಬರುತ್ತೆ. ಹೆಸರು ಇಷ್ಟ ಆಗಲಿಲ್ಲ ಅಂದ್ರೆ ಹತ್ತು ಸಲ ಬೇಕಾದ್ರೂ ಮಾಡ್ಕೊಳ್ಳಿ. ಸಬ್‌ಟೈಟಲಿಗೆ ಈ ಸೌಕರ್ಯ ಇಲ್ಲ, ಹೊಸ ಟ್ರ್ಯಾಕ್ ಸೇರಿಸೋಕೆ `mkvpropedit` ಕೈಲಾಗಲ್ಲ, ಅದಕ್ಕೇ ಮೊದಲು ಸಬ್‌ಟೈಟಲ್ ಆಮೇಲೆ ಚಾಪ್ಟರ್ ಅಂತ ಇಟ್ಟೆ.

ಸರಿಯಾಗಿ ಕೂತಿದೆಯಾ ನೋಡೋಕೆ ಸಿನಿಮಾ ಪೂರ್ತಿ ನೋಡಬೇಕಿಲ್ಲ. `mkvmerge -i hosa.mkv` ಅಂತ ಹೊಡೆದ್ರೆ ಟ್ರ್ಯಾಕುಗಳ ಪಟ್ಟಿ ಬರುತ್ತೆ, ಸಬ್‌ಟೈಟಲ್ ನಂಬರ್ 2 ಅಂತಿದ್ರೆ ಅದನ್ನ ವಾಪಸ್ ಹೊರಗೆ ತೆಗೀರಿ:

```
mkvextract hosa.mkv tracks 2:nodu.srt
```

ಆ ಕೊನೇ ಮಾತು ಈಗ 01:59:15ರ ಹತ್ರ ಇರಬೇಕು. ಇನ್ನೂ 01:54:22 ಅಂತಲೇ ಇದ್ರೆ ಡಿಲೇ ಮಾತ್ರ ಹತ್ತಿದೆ, ಗುಣಾಕಾರ ಹತ್ತಿಲ್ಲ, ಕಾಮಾ ಆದ್ಮೇಲಿನ ಭಾಗ ಬಿಟ್ಟೋಗಿದೆಯಾ ನೋಡಿ.

ಇಲ್ಲಿ ಎಲ್ಲಾ ಸರಿ ಇದ್ದೂ ಪ್ಲೇಯರಲ್ಲಿ ಹಳೇ ತಪ್ಪೇ ಕಾಣ್ತಿದ್ರೆ ಗಾಬರಿ ಆಗಬೇಡಿ. ತುಂಬಾ ಪ್ಲೇಯರ್‌ಗಳು ಅದೇ ಫೋಲ್ಡರಲ್ಲಿ ಸಿನಿಮಾದ ಹೆಸರಲ್ಲೇ ಇರೋ ಎಸ್‌ಆರ್‌ಟಿನ ತಾವಾಗೇ ಎತ್ಕೊಳ್ಳುತ್ತವೆ, ಒಳಗಿರೋದನ್ನ ಬಿಟ್ಟು ಪಕ್ಕದಲ್ಲಿರೋದನ್ನ ತೋರಿಸ್ತವೆ, ಮುಖ್ಯವಾಗಿ ಹೊಸ ಫೈಲಿಗೆ ನೀವು ಹಳೇ ಹೆಸರೇ ಕೊಟ್ಟಿದ್ರೆ. ಡೌನ್‌ಲೋಡ್ ಮಾಡಿದ ಎಸ್‌ಆರ್‌ಟಿನ ಬೇರೆ ಫೋಲ್ಡರಿಗೆ ಹಾಕಿ, ಮೊದಲು ಕೊಟ್ಟಿದ್ದ ಡಿಲೇನ ಸೊನ್ನೆಗೆ ತಂದು, ಪ್ಲೇಯರ್ ಮುಚ್ಚಿ ಮತ್ತೆ ತೆಗೆದು ನೋಡಿ.