ಥ್ಯಾಂಕ್ಸ್ ಮೇಲ್‌ನಲ್ಲಿ ಮನೆ ಕಷ್ಟ ಯಾಕೆ?

ಪತ್ರ: ಸಂಪಾದಕರೇ, ನಾನು ಡಿಪ್ಲೊಮಾ ಮಾಡಿ ಚಿಕ್ಕ ವರ್ಕ್‌ಶಾಪಿನಲ್ಲಿ ಇನ್‌ಸ್ಪೆಕ್ಷನ್ ನೋಡುತ್ತೇನೆ. ವಸಂತನರಸಾಪುರದ ಕಂಪನಿಯೊಂದರಲ್ಲಿ ಇಂಟರ್‌ವ್ಯೂ ಆಯಿತು. ಶಾಫ್ಟಿನ ಡಯಾ ಬರ್ತಾ ಬರ್ತಾ ಜಾಸ್ತಿಯಾದರೆ ಏನು ಮಾಡ್ತೀರಿ ಅಂದರು, ಚೆನ್ನಾಗೇ ಹೇಳಿದೆ. ಶಿಫ್ಟ್ ಬದಲಾಗುವಾಗ ರಿಜೆಕ್ಷನ್ ಜಾಸ್ತಿ ಅಂತಲೂ ಅವರೇ ಹೇಳಿದರು. ರಾತ್ರಿ ಮೇಲ್ ಹಾಕಿದೆ: ‘ಸರ್, ಈ ಕೆಲಸ ನನಗೆ ತುಂಬಾ ಅಗತ್ಯ. ಮನೆ ಜವಾಬ್ದಾರಿ ನನ್ನ ಮೇಲಿದೆ. ಯಾವ ಕೆಲಸ ಕೊಟ್ಟರೂ ಮಾಡುತ್ತೇನೆ. ದಯವಿಟ್ಟು ಅವಕಾಶ ಕೊಡಿ.’ ಉತ್ತರವಿಲ್ಲ. ಮುಂದಿನ ಸಲ ಹೇಗೆ ಬರೆಯಲಿ?
– ಓದುಗ, ಗುಬ್ಬಿ

ಸಂಪಾದಕರ ಉತ್ತರ: ನಿಮ್ಮ ಮೇಲ್‌ನಲ್ಲಿ ಇರುವುದೆಲ್ಲ ನಿಮಗೆ ಏನು ಬೇಕು ಅನ್ನೋದು. ಅವರಿಗೆ ಏನು ಬೇಕು ಅನ್ನೋದು ಒಂದು ಸಾಲೂ ಇಲ್ಲ. ಅದನ್ನು ಅವರೇ ಬಾಯಿಬಿಟ್ಟು ಹೇಳಿದ್ದರು ಅಲ್ವಾ? ‘ಯಾವ ಕೆಲಸ ಕೊಟ್ಟರೂ’ ಅಂದಿದ್ದು ಇನ್ನೂ ತೊಂದರೆ. ಅವರು ಹುಡುಕುತ್ತಿದ್ದದ್ದು ಇನ್‌ಸ್ಪೆಕ್ಟರನ್ನು.

ನಿಮ್ಮ ಪತ್ರದಲ್ಲಿರುವ ಅವರ ಆ ಎರಡು ಮಾತನ್ನೇ ಇಟ್ಟುಕೊಂಡು ನಾನು ಬರೆದರೆ ಹೀಗಿರುತ್ತದೆ. ಇಂಗ್ಲಿಷಿನಲ್ಲಿ ಕಳಿಸುವುದಾದರೂ ವಿಷಯ ಇಷ್ಟೇ ಸಾಕು:

‘ಸರ್, ಇವತ್ತು ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ಶಾಫ್ಟಿನ ಡಯಾ ಏರುವ ಬಗ್ಗೆ ಕೇಳಿದ್ದಿರಿ. ನಾನು ಈಗ 20 ಪೀಸಿಗೆ ಒಂದನ್ನು ಮೈಕ್ರೋಮೀಟರಿನಲ್ಲಿ ಅಳೆದು ಬರೆದಿಡುತ್ತೇನೆ. ಅಳತೆ ಏರುತ್ತಾ ಹೋದರೆ ಇನ್ಸರ್ಟ್ ಸವೆದಿದೆಯಾ ನೋಡಿ, ಲಿಮಿಟ್ ದಾಟುವ ಮೊದಲೇ ಆಪರೇಟರಿಗೆ ಹೇಳಿ ಆಫ್‌ಸೆಟ್ ಕೊಡಿಸುತ್ತೇನೆ. ಆ ಶೀಟನ್ನೇ ಮುಂದಿನ ಶಿಫ್ಟಿನವರಿಗೂ ಕೊಟ್ಟರೆ, ನೀವು ಹೇಳಿದ ರಿಜೆಕ್ಷನ್ ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗಬಹುದು. ಬೇರೆ ದಾಖಲೆ ಬೇಕಿದ್ದರೆ ತಿಳಿಸಿ.’

20 ಅನ್ನೋದೂ ಅಳೆಯುವ ರೀತಿಯೂ ನಾನು ಹಾಕಿದ್ದು. ನೀವು ಎಷ್ಟಕ್ಕೊಂದು, ಹೇಗೆ ಅಳೆಯುತ್ತೀರೋ ಅದನ್ನೇ ಬರೆಯಿರಿ. ಸುಮ್ನೆ ಏರಿಸಿ ಬರೆದರೆ ಮುಂದಿನ ರೌಂಡಿನಲ್ಲಿ ಅಲ್ಲೇ ಹಿಡಿಯುತ್ತಾರೆ. ‘ಗೊತ್ತಾಗಬಹುದು’ ಎಂದು ನಿಲ್ಲಿಸಿದ್ದೂ ಬೇಕೆಂದೇ. ಅವರ ಲೈನ್ ನೋಡದೆ ‘ಸರಿ ಮಾಡಿಬಿಡುತ್ತೇನೆ’ ಅಂದರೆ ಅನುಭವ ಇದ್ದವರು ನಗುತ್ತಾರೆ.

ಇದರಲ್ಲಿ ‘ನಾನೇ ಸರಿಯಾದ ವ್ಯಕ್ತಿ’ ಅನ್ನುವ ಮಾತೇ ಇಲ್ಲ, ನೋಡಿ. ಓದಿದವರಿಗೆ ಹಾಗೆ ಅನ್ನಿಸಿದರೆ ಸಾಕು. ಸಂಬಳ, ರಿಸಲ್ಟ್ ಯಾವಾಗ ಅನ್ನುವ ಪ್ರಶ್ನೆ ಇದರಲ್ಲಿ ಬೇಡ. ಇಂಟರ್‌ವ್ಯೂನಲ್ಲಿ ಬಾರದೇ ಹೋದ ಉತ್ತರಗಳನ್ನೆಲ್ಲ ಇಲ್ಲಿ ತುಂಬಲೂ ಹೋಗಬೇಡಿ.

ಅದೇ ದಿನ ಸಂಜೆ ಅಥವಾ ಮಾರನೇ ದಿನ ಬೆಳಿಗ್ಗೆ ಕಳಿಸಿ. ಇಂಟರ್‌ವ್ಯೂ ಮಾಡಿದವರ ಮೇಲ್ ಐಡಿ ಇಲ್ಲದಿದ್ದರೆ, ಎಚ್‌ಆರ್‌ನವರು ಕರೆದ ಮೇಲ್‌ಗೇ ರಿಪ್ಲೈ ಮಾಡಿ, ಅವರಿಗೆ ತಲುಪಿಸಲು ಕೇಳಿ. ಹಳೇ ಮೇಲ್ ಕೆಳಗೇ ಇರುವುದರಿಂದ ನೀವು ಯಾರು, ಯಾವ ಹುದ್ದೆ ಎಂದು ಅವರು ಹುಡುಕಬೇಕಾಗಿಲ್ಲ.

ಈ ಮೇಲ್‌ಗೆ ಉತ್ತರ ಬರದಿದ್ದರೆ ಗಾಬರಿ ಬೇಡ, ಎಷ್ಟೋ ಜನ ಓದಿ ಸುಮ್ಮನಾಗುತ್ತಾರೆ. ಅವರು ಹೇಳಿದ ದಿನ ದಾಟಿ ಎರಡು ಕೆಲಸದ ದಿನ ಆದ ಮೇಲೆ, ಅದೇ ಮೇಲ್‌ನಲ್ಲಿ ಎರಡು ಸಾಲು ಬರೆದು ವಿಚಾರಿಸಿ. ಅದಕ್ಕೂ ಉತ್ತರ ಇಲ್ಲದಿದ್ದರೆ ಅಲ್ಲಿಗೆ ಬಿಟ್ಟು ಮುಂದಿನ ಕಂಪನಿಗೆ ಅರ್ಜಿ ಹಾಕಿ.