ಯುಗಾದಿಯ ಬಗ್ಗೆ ಸರಳ ಫ್ರೆಂಚ್ ಲೇಖನ ಬರೆಯುವ ಬಗೆ

ಪ್ರಶ್ನೆ: ಶಿವಮೊಗ್ಗದ ನಮ್ಮ ಕಾಲೇಜಿನ ಫ್ರೆಂಚ್ ತರಗತಿಗೆ, ಮಲೆನಾಡಿನ ಯುಗಾದಿಯ ಕುರಿತು ಹೊಸಬರಿಗೂ ಅರ್ಥವಾಗುವ ಲೇಖನವನ್ನು ಹೇಗೆ ಬರೆಯಲಿ?

ಉತ್ತರ: ಪ್ರತಿವರ್ಷ ನಡೆಯುವ ಆಚರಣೆಯಾದ್ದರಿಂದ ವರ್ತಮಾನ ಕಾಲ ಸಾಕು, ಕರ್ತೃವಾಗಿ ‘ನಾವು’ ಎನ್ನಲು ‘ನು’ ಬದಲು ಅದೇ ಅರ್ಥ ಕೊಡುವ ‘ಒಂ’ ಬಳಸಿದರೆ ಕ್ರಿಯಾಪದಗಳೆಲ್ಲ ಪ್ರಥಮ ಪುರುಷ ಏಕವಚನದ ರೂಪದಲ್ಲೇ ಉಳಿಯುತ್ತವೆ. ಹಬ್ಬ ಚಾಂದ್ರಮಾನದ ಲೆಕ್ಕದಲ್ಲಿ ಬರುವುದರಿಂದ ನಿಶ್ಚಿತ ದಿನಾಂಕ ಕೊಡದೆ, ‘ಆಂ ಮಾರ್ಸ್ ಉ ಆಂ ಅವ್ರಿಲ್’, ಅಂದರೆ ಮಾರ್ಚ್ ಅಥವಾ ಏಪ್ರಿಲಿನಲ್ಲಿ, ಎಂದು ಬರೆಯಿರಿ.

ಎಡವುವುದು ಹೆಚ್ಚಾಗಿ ಎಣ್ಣೆಸ್ನಾನದಲ್ಲಿ. ಅದನ್ನು ಪದಕ್ಕೆ ಪದವಿಟ್ಟು ‘ಬ್ಯಾಂ ದ್ವೀಲ್’ ಎಂದರೆ, ಎಣ್ಣೆ ತುಂಬಿದ ತೊಟ್ಟಿಯಲ್ಲಿ ಮುಳುಗಿ ಕುಳಿತ ಚಿತ್ರ ಓದುಗರಿಗೆ ಬಂದೀತು (ನಮ್ಮ ಬಚ್ಚಲಿನ ಹಂಡೆಯನ್ನು ಅವರು ಕಂಡಿಲ್ಲವಲ್ಲ!). ಆದ್ದರಿಂದ ಕ್ರಿಯೆಯನ್ನು ಎರಡಾಗಿ ಒಡೆದು, ‘ಒಂ ಸ ಮಾಸ್ ಅವೆಕ್ ದ ಲ್ವೀಲ್, ಪ್ವೀ ಒಂ ಸ ಲಾವ್’ ಎನ್ನಿ. ಮೈಗೆ ಎಣ್ಣೆ ತಿಕ್ಕಿಕೊಂಡು ಬಳಿಕ ಸ್ನಾನ ಮಾಡುತ್ತೇವೆ ಎಂದು ಅದರ ಅರ್ಥ.

ಬೇವು-ಬೆಲ್ಲಕ್ಕೂ ಎಚ್ಚರ ಬೇಕು. ತಿನ್ನುವುದು ಸ್ವಲ್ಪವೇ ಆದ್ದರಿಂದ ಬೆಲ್ಲದ ಮುಂದೆ ನಿಶ್ಚಿತ ಉಪಪದವಾದ ‘ಲ’ ಅಲ್ಲ, ಇಷ್ಟೆಂದು ಹೇಳದ ಪಾಲನ್ನು ಸೂಚಿಸುವ ‘ದ್ಯು’ ಬರಬೇಕು. ಬೆಲ್ಲವನ್ನು ಬರೀ ‘ಸ್ಯುಕ್ರ್’ ಎಂದರೆ ಬಿಳಿ ಸಕ್ಕರೆಯೆಂದು ಭಾವಿಸುವುದರಿಂದ, ‘ದ್ಯು ಸ್ಯುಕ್ರ್ ದ ಕಾನ್ ಬ್ರ್ಯುತ್’, ಅಂದರೆ ಸಂಸ್ಕರಿಸದ ಕಬ್ಬಿನ ಸಕ್ಕರೆ, ಎಂದು ಬಿಡಿಸಿ ಹೇಳಿ.

ಮಾವಿನ ತೋರಣ, ಪಂಚಾಂಗ ಶ್ರವಣಗಳಿಗೆ ಒಂದೊಂದು ವಾಕ್ಯ ಸಾಕು. ಹೋಳಿಗೆಯ ಹೆಸರನ್ನು ಹಾಗೆಯೇ ಉಳಿಸಿ, ಕಡಲೆಬೇಳೆ ಮತ್ತು ಬೆಲ್ಲದ ಹೂರಣ ತುಂಬಿದ ಸಿಹಿ ರೊಟ್ಟಿಯೆಂದು ಒಮ್ಮೆ ವಿವರಿಸಿರಿ.