41ನೇ ವಿಧಿ ಹಿಡಿದು ಹೈಕೋರ್ಟಿಗೆ ಹೋಗಬಹುದಾ?

ಪ್ರಶ್ನೆ: ಸರ್, ಡಿಗ್ರಿ ಮುಗಿದು ಮೂರು ವರ್ಷ ಆಯ್ತು, ಕೆಲಸ ಇಲ್ಲ. ಸಂವಿಧಾನದ 41ನೇ ವಿಧಿಯಲ್ಲಿ ಕೆಲಸದ ಹಕ್ಕು ಇದೆ ಅಂತಾರೆ. ರಿಟ್ ಹಾಕಿದರೆ ಗೆಲ್ಲಬಹುದಾ?

ಉತ್ತರ: ಗೆಲ್ಲುವುದಿಲ್ಲ. ಇದೇ ಪ್ರಶ್ನೆ ಎಷ್ಟು ಸಲ ಬರುತ್ತದೋ ಲೆಕ್ಕ ಇಲ್ಲ. ವಾಟ್ಸಾಪಿನಲ್ಲಿ ರೆಡಿಮೇಡ್ ರಿಟ್ ಅರ್ಜಿ ಮಾರುವವರಿಗೆ ದಯವಿಟ್ಟು ಒಂದು ಪೈಸೆಯನ್ನೂ ಕೊಡಬೇಡಿ. 41ನೇ ವಿಧಿ ಇರುವುದು ನಿರ್ದೇಶಕ ತತ್ವಗಳಲ್ಲಿ, ಅಂದರೆ ಸರ್ಕಾರ ಆಡಳಿತ ನಡೆಸುವಾಗ ಪಾಲಿಸಬೇಕಾದ ಗುರಿಗಳಲ್ಲಿ. ಅವನ್ನು ಯಾವ ಕೋರ್ಟೂ ಜಾರಿ ಮಾಡಿಸುವಂತಿಲ್ಲ ಅಂತ 37ನೇ ವಿಧಿ ನೇರವಾಗಿ ಹೇಳುತ್ತದೆ. 41ನೇ ವಿಧಿ ಕೂಡ ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಅಂತಲೇ ಶುರುವಾಗುತ್ತದೆ.

ಹಾಗಂತ ಅವು ಸುಮ್ನೆ ಬರೆದಿಟ್ಟ ಮಾತುಗಳೂ ಅಲ್ಲ. ಮೂಲಭೂತ ಹಕ್ಕಿನ ಅರ್ಥ ಎಲ್ಲಿಯವರೆಗೆ ಹೋಗುತ್ತದೆ ಅಂತ ತೀರ್ಮಾನಿಸುವಾಗ ಕೋರ್ಟು ಅವನ್ನು ನೋಡುತ್ತದೆ. ನಮ್ಮ ತುಮಕೂರಿನಿಂದಲೇ ಹೋದ ಮೋಹಿನಿ ಜೈನ್ ಕೇಸ್ ನೋಡಿ. 1991ರಲ್ಲಿ ಮೀರತ್‌ನ ಈ ವಿದ್ಯಾರ್ಥಿನಿಗೆ ತುಮಕೂರಿನ ಖಾಸಗಿ ಮೆಡಿಕಲ್ ಕಾಲೇಜು ಮೊದಲ ವರ್ಷಕ್ಕೆ 60,000 ರೂಪಾಯಿ ಕೇಳಿತು. ಸರ್ಕಾರಿ ಸೀಟಿಗೆ 2,000, ಕರ್ನಾಟಕದ ಇತರರಿಗೆ 25,000, ಹೊರರಾಜ್ಯದವರಿಗೆ 60,000 ಅಂತ ರಾಜ್ಯ ಸರ್ಕಾರವೇ ಅಧಿಸೂಚನೆ ಹೊರಡಿಸಿತ್ತು. ಶಿಕ್ಷಣ ಆಗ ನಿರ್ದೇಶಕ ತತ್ವಗಳಲ್ಲಿ ಮಾತ್ರ ಇತ್ತು. ಶಿಕ್ಷಣ ಇಲ್ಲದೆ ಘನತೆಯ ಬದುಕಿಲ್ಲ, ಹಾಗಾಗಿ ಅದು 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಇದೆ ಅಂತ ಸುಪ್ರೀಂ ಕೋರ್ಟ್ 1992ರಲ್ಲಿ ಹೇಳಿ, ಆ ದುಬಾರಿ ಶುಲ್ಕವನ್ನು ರದ್ದು ಮಾಡಿತು. ಆದರೆ ಆಕೆಗೆ ಸೀಟು ಸಿಗಲಿಲ್ಲ! ಮೆರಿಟ್ ಮೇಲೆ ಬಂದವರಲ್ಲ, ಕೋರ್ಸೂ ಶುರುವಾಗಿತ್ತು ಅಂತ ಕೋರ್ಟು ಕಾರಣ ಕೊಟ್ಟಿತು. ಇದನ್ನು ಕೋಚಿಂಗ್ ವಿಡಿಯೋಗಳಲ್ಲಿ ಹೇಳುವವರು ಕಡಿಮೆ.

ಮರುವರ್ಷ ಉನ್ನಿಕೃಷ್ಣನ್ ಕೇಸಿನಲ್ಲಿ ಐವರ ಪೀಠ ಆ ಹಕ್ಕನ್ನು 14 ವರ್ಷದವರೆಗೆ ಅಂತ ಕತ್ತರಿಸಿತು. ಆಮೇಲಿನದು ಸರ್ಕಾರದ ಶಕ್ತಿಗೆ ಬಿಟ್ಟದ್ದು, ಅದಕ್ಕೆ ಆಧಾರ ಮತ್ತೆ ಅದೇ 41ನೇ ವಿಧಿ. 2002ರ ತಿದ್ದುಪಡಿಯಲ್ಲಿ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸುವ 21ಎ ವಿಧಿ ಬಂತು, 2010ರಲ್ಲಿ ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆ ಜಾರಿಯಾಯಿತು. ಈಗ ಆ ವಯಸ್ಸಿನ ಮಗುವಿಗೆ ಶಾಲೆ ನಿರಾಕರಿಸಿದರೆ ನೇರವಾಗಿ ರಿಟ್ ಹಾಕಬಹುದು.

ಕೆಲಸದ ವಿಚಾರದಲ್ಲಿ ಅಂಥ ವಿಧಿ ಇನ್ನೂ ಬಂದಿಲ್ಲ. ನೀವು ಅರ್ಜಿ ಹಾಕಿದ ಸರ್ಕಾರಿ ನೇಮಕಾತಿಯಲ್ಲಿ ನಿಯಮ ಮುರಿದಿದ್ದರೆ, ಅರ್ಹತೆ ಇದ್ದೂ ನಿಮ್ಮನ್ನು ಬಿಟ್ಟಿದ್ದರೆ, ಆಗ ಸಮಾನತೆಯ 14ನೇ ವಿಧಿ ಮತ್ತು ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶದ 16ನೇ ವಿಧಿ ಹಿಡಿದುಕೊಳ್ಳಿ. ಅಧಿಸೂಚನೆ, ಅಂಕಪಟ್ಟಿ, ಆಯ್ಕೆ ಪಟ್ಟಿ ಮೂರನ್ನೂ ಇಟ್ಟುಕೊಂಡು ವಕೀಲರ ಹತ್ತಿರ ಹೋಗಿ, ತಡ ಮಾಡಬೇಡಿ.

ಪ್ರಶ್ನೆ: ಮೂಲಭೂತ ಹಕ್ಕು, ನಿರ್ದೇಶಕ ತತ್ವ ಎರಡಕ್ಕೂ ಜಗಳ ಬಂದರೆ ಯಾವುದು ಗೆಲ್ಲುತ್ತದೆ?

ಉತ್ತರ: 1951ರ ಚಂಪಕಂ ದೊರೈರಾಜನ್ ತೀರ್ಪಿನಲ್ಲಿ ಹಕ್ಕು ಗೆದ್ದಿತು, ಆದರೆ 1980ರ ಮಿನರ್ವಾ ಮಿಲ್ಸ್ ತೀರ್ಪು ಎರಡರ ಸಮತೋಲನ ಸಂಸತ್ತೂ ಕೆಡವಲಾಗದ ಸಂವಿಧಾನದ ಮೂಲ ರಚನೆಯ ಭಾಗ ಅಂದಿದೆ, ಮೊದಲನೆಯದನ್ನಷ್ಟೇ ಓದಿ ವಾದ ಮಾಡಬೇಡಿ.

ಪ್ರಶ್ನೆ: ಏಕರೂಪ ನಾಗರಿಕ ಸಂಹಿತೆ ತನ್ನಿ ಅಂತ ಕೋರ್ಟು ಆದೇಶ ಮಾಡಬಹುದಾ?

ಉತ್ತರ: ಇಲ್ಲ, ಅದನ್ನು ಹೇಳುವ 44ನೇ ವಿಧಿಯೂ ನಿರ್ದೇಶಕ ತತ್ವವೇ, ಕಾನೂನು ಮಾಡುವುದು ಶಾಸಕಾಂಗದ ಕೆಲಸ.